ಪ್ರೀಲೋಡ್ ಮುಗಿದ ಮೇಲೂ ಉಳಿಯುವ ಕೆಲಸ: ಬಿಡುಗಡೆಯ ದಿನದ ಅನ್‌ಪ್ಯಾಕಿಂಗ್ ಮತ್ತು ಪ್ಯಾಚ್

ದೊಡ್ಡ ಆಟವೊಂದನ್ನು ಮುಂಗಡವಾಗಿ ಕೊಂಡವರಿಗೆ ಬಿಡುಗಡೆಗೆ ಎರಡು ಮೂರು ದಿನ ಮೊದಲೇ ಅದರ ಕಡತಗಳನ್ನು ಇಳಿಸಿಕೊಳ್ಳುವ ಅವಕಾಶ ಸಿಗುತ್ತದೆ. ಇದನ್ನೇ ಪ್ರೀಲೋಡ್ ಎನ್ನುತ್ತಾರೆ. ಐವತ್ತು, ಅರವತ್ತು ಜಿಬಿ ಇಳಿಸಿಟ್ಟುಕೊಂಡು ನಿಗದಿತ ಗಂಟೆಗೆ ಕಂಪ್ಯೂಟರಿನ ಮುಂದೆ ಕುಳಿತವರು, ಆಟ ಕೂಡಲೇ ತೆರೆಯದೆ ಮೊದಲು ಏನೋ ಬಿಚ್ಚಿಕೊಳ್ಳುತ್ತಿರುವುದನ್ನು, ಅದು ಮುಗಿದ ಮೇಲೆ ಮತ್ತೊಂದು ಪ್ಯಾಚ್, ಅಂದರೆ ಆಟದ ತಿದ್ದುಪಡಿ, ಇಳಿಯುತ್ತಿರುವುದನ್ನು ಕಂಡು ಪ್ರೀಲೋಡಿನಿಂದ ಆದ ಲಾಭವಾದರೂ ಏನು ಎಂದು ಕೇಳುವುದು ಸಹಜ. ಲಾಭ ಖಂಡಿತ ಇದೆ, ಆದರೆ ಅದಕ್ಕೊಂದು ಮಿತಿಯಿದೆ. ಪ್ರೀಲೋಡ್ ತಪ್ಪಿಸುವುದು ಬಿಡುಗಡೆಯ ದಿನದ ನೂಕುನುಗ್ಗಲಿನಲ್ಲಿ ಇಡೀ ಆಟವನ್ನು ಇಳಿಸಿಕೊಳ್ಳುವ ಪಾಡನ್ನು ಮಾತ್ರ. ಬೀಗ ತೆಗೆಯುವ ಕೆಲಸ ಮತ್ತು ಕೊನೆಯ ತಿದ್ದುಪಡಿಯ ಕೆಲಸ ಎರಡೂ ಬಿಡುಗಡೆಯ ಗಂಟೆಯ ನಂತರಕ್ಕೇ ಉಳಿದಿರುತ್ತವೆ. ಆ ಎರಡಕ್ಕೂ ಬೇಕಾದ ಸಮಯವನ್ನೂ ಡಿಸ್ಕಿನ ಜಾಗವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ವಿವರಣೆಗಾಗಿ ಕಂಪ್ಯೂಟರಿನಲ್ಲಿ ಆಟಗಳನ್ನು ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯನ್ನು ಬಳಸುವವರ ಸಂದರ್ಭವನ್ನು ಆರಿಸಿಕೊಂಡಿದ್ದೇನೆ. ಉದಾಹರಣೆಗೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ಸೈಬರ್‌ಪಂಕ್ 2077 ಆಟವನ್ನು ತೆಗೆದುಕೊಳ್ಳುತ್ತೇನೆ. 2020ರ ಡಿಸೆಂಬರ್ 10ರಂದು ಹೊರಬಂದ ಈ ಆಟದ ವಿಷಯದಲ್ಲಿ, ಬಿಡುಗಡೆಯ ಹೊತ್ತಿನ ಪ್ಯಾಚ್ ಏಕೆ ಬೇಕಾಯಿತೆಂಬುದನ್ನು ತಯಾರಕರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಅಂಥ ಹೇಳಿಕೆಗಳು ಈ ಉದ್ಯಮದಲ್ಲಿ ಅಪರೂಪ.

ಪ್ರೀಲೋಡಿನಲ್ಲಿ ನಿಜವಾಗಿ ಇಳಿಯುವುದು ಏನು

ಸ್ಟೀಮಿನ ವಿತರಣಾ ವ್ಯವಸ್ಥೆ ಆಟದ ಪ್ರತಿಯೊಂದು ಕಡತವನ್ನೂ ಸುಮಾರು ಒಂದು ಎಂಬಿಯ ತುಣುಕುಗಳಾಗಿ ಒಡೆದು, ಅವನ್ನು ಕುಗ್ಗಿಸಿ, ಜಗತ್ತಿನ ಬೇರೆ ಬೇರೆ ಕಡೆ ಇರುವ ಸರ್ವರುಗಳಲ್ಲಿ ಇಟ್ಟಿರುತ್ತದೆ. ಯಾವ ಕಡತದಲ್ಲಿ ಯಾವ ತುಣುಕು ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಪಟ್ಟಿ ಇರುತ್ತದೆ. ಸಾಮಾನ್ಯ ಡೌನ್‌ಲೋಡಿನಲ್ಲಿ ತುಣುಕುಗಳು ಬಂದಂತೆಲ್ಲ ಸ್ಟೀಮ್ ಅವನ್ನು ಬಿಚ್ಚಿ, ಸರಿಯಿವೆಯೇ ಎಂದು ಪರೀಕ್ಷಿಸಿ, ತಮ್ಮ ತಮ್ಮ ಸ್ಥಾನದಲ್ಲಿ ಜೋಡಿಸುತ್ತ ಹೋಗುತ್ತದೆ. ಕೊನೆಯ ತುಣುಕು ಬಂದ ಸ್ವಲ್ಪ ಹೊತ್ತಿಗೆಲ್ಲ ಆಟ ಆಡಲು ಸಿದ್ಧವಾಗಿರುತ್ತದೆ.

ಪ್ರೀಲೋಡಿನಲ್ಲಿ ಈ ಕೊನೆಯ ಭಾಗ ನಡೆಯುವುದಿಲ್ಲ. ತುಣುಕುಗಳು ಎನ್‌ಕ್ರಿಪ್ಟ್ ಆದ ಸ್ಥಿತಿಯಲ್ಲಿಯೇ, ಅಂದರೆ ಕೀಲಿಯಿಲ್ಲದೆ ಓದಲಾಗದ ರೂಪದಲ್ಲಿಯೇ ಡಿಸ್ಕಿನಲ್ಲಿ ಬಂದು ಕೂರುತ್ತವೆ. ಕೀಲಿ ಬಿಡುಗಡೆಯ ಗಂಟೆಯವರೆಗೆ ಬಳಕೆದಾರರ ಕಂಪ್ಯೂಟರಿಗೆ ಬರುವುದೇ ಇಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಬಂಡಲುಗಳು ಮೊಹರು ಹಾಕಿದ ಸ್ಥಿತಿಯಲ್ಲಿ ಮೊದಲೇ ಖಜಾನೆಗೆ ಬಂದು ಕೂತಿರುವಂತೆ ಇದು. ಪತ್ರಿಕೆ ಊರಿಗೆ ಬಂದಿದೆ, ಆದರೆ ಗಂಟೆ ಬಾರಿಸುವ ಮೊದಲು ಮೊಹರು ಒಡೆಯುವಂತಿಲ್ಲ. ಒಡೆದ ಮೇಲೂ ಇಂಥ ಪ್ರಶ್ನೆಯಲ್ಲಿ ಅಚ್ಚಿನ ತಪ್ಪಿದೆ, ಹೀಗೆ ತಿದ್ದಿಕೊಳ್ಳಿ ಎಂದು ಮೇಲ್ವಿಚಾರಕರು ಹೇಳುವುದುಂಟು.

ಕಂಪ್ಯೂಟರಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಆಟವನ್ನು ಬೇಗ ತೆರೆಯುವ ಪ್ರಯತ್ನ ಸ್ಟೀಮಿನಲ್ಲಿ ಫಲ ಕೊಡದಿರುವುದಕ್ಕೂ ಇದೇ ಕಾರಣ. ಇಲ್ಲಿ ಅಡ್ಡಿಯಾಗಿರುವುದು ಗಡಿಯಾರವಲ್ಲ, ಕೀಲಿಯ ಗೈರುಹಾಜರಿ. ಕಥೆ, ದೃಶ್ಯಗಳು, ಸಂಗೀತ ಎಲ್ಲವೂ ಡಿಸ್ಕಿನಲ್ಲಿದ್ದರೂ ಅವನ್ನು ಯಾರೂ ಮೊದಲೇ ಹೊರಗೆಳೆದು ಹಂಚದಂತೆ ನೋಡಿಕೊಳ್ಳುವುದೇ ಈ ವ್ಯವಸ್ಥೆಯ ಉದ್ದೇಶ.

ಮೊದಲ ಹಂತ: ಬಿಡುಗಡೆಯ ಗಂಟೆಯನ್ನು ಭಾರತೀಯ ಸಮಯಕ್ಕೆ ತಂದುಕೊಳ್ಳುವುದು

ಆಟ ಇಂಥ ತಾರೀಖು ಬಿಡುಗಡೆ ಎಂದಷ್ಟೇ ತಿಳಿದರೆ ಸಾಲದು. ಕೆಲವು ಆಟಗಳು ಪ್ರತಿ ದೇಶದ ಮಧ್ಯರಾತ್ರಿಗೆ ತೆರೆದುಕೊಳ್ಳುತ್ತವೆ, ಕೆಲವು ಜಗತ್ತಿನಾದ್ಯಂತ ಒಂದೇ ಕ್ಷಣದಲ್ಲಿ ತೆರೆದುಕೊಳ್ಳುತ್ತವೆ. ಸೈಬರ್‌ಪಂಕ್ 2077 ಎರಡೂ ರೀತಿಯನ್ನು ಅನುಸರಿಸಿತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಆಟದ ಯಂತ್ರಗಳಾದ ಕನ್ಸೋಲುಗಳಲ್ಲಿ ಅದು ಆಯಾ ಸ್ಥಳದ ಮಧ್ಯರಾತ್ರಿಗೆ ತೆರೆದುಕೊಳ್ಳುವುದಾಗಿ ಪ್ರಕಟಿಸಲಾಗಿತ್ತು. ಕಂಪ್ಯೂಟರಿನಲ್ಲಿ ಎಲ್ಲರಿಗೂ ಗ್ರೀನಿಚ್ ಮಧ್ಯರಾತ್ರಿಯೇ ಗಳಿಗೆಯಾಗಿತ್ತು. ಗ್ರೀನಿಚ್ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುವುದರಿಂದ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಅದು ಡಿಸೆಂಬರ್ 10ರ ಬೆಳಗಿನ 5.30. ಅದೇ ಕ್ಷಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲಸಿರುವ ಕನ್ನಡಿಗರಿಗೆ 9ರ ಸಂಜೆ ನಾಲ್ಕು ಗಂಟೆಯಾಗಿತ್ತು.

ಈ ವ್ಯತ್ಯಾಸ ತಿಳಿಯದೆ ರಾತ್ರಿ ಹನ್ನೆರಡಕ್ಕೆ ಎದ್ದು ಕುಳಿತು, ಆಟ ತೆರೆಯದಿದ್ದಾಗ ಕಡತಗಳಲ್ಲೇ ದೋಷವಿದೆಯೆಂದು ಭಾವಿಸಿ ಎಲ್ಲವನ್ನೂ ಅಳಿಸಿ ಮತ್ತೆ ಇಳಿಸಲು ತೊಡಗುವವರುಂಟು. ಅದಕ್ಕಿಂತ ನಷ್ಟದ ಕೆಲಸ ಇನ್ನೊಂದಿಲ್ಲ. ಆಟದ ಸ್ಟೀಮ್ ಪುಟದಲ್ಲಿ ಬಿಡುಗಡೆಗೆ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ಅದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವುದು ಲೇಸು.

ಎರಡನೆಯ ಹಂತ: ಡಿಸ್ಕಿನ ಜಾಗದ ಲೆಕ್ಕ

ಪ್ರೀಲೋಡಿನ ವಿಷಯದಲ್ಲಿ ಹೆಚ್ಚಿನವರು ಇಂಟರ್‌ನೆಟ್ ವೇಗದ ಬಗ್ಗೆಯೇ ಯೋಚಿಸುತ್ತಾರೆ. ಆದರೆ ಬಿಡುಗಡೆಯ ಬೆಳಗ್ಗೆ ಕೈಕೊಡುವುದು ಬಹುಮಟ್ಟಿಗೆ ಡಿಸ್ಕ್.

ಸೈಬರ್‌ಪಂಕ್ 2077ಕ್ಕೆ ಎಪ್ಪತ್ತು ಜಿಬಿ ಜಾಗ ಬೇಕೆಂದು ತಯಾರಕರು ಆಗ ಹೇಳಿದ್ದರು. ಇದು ಆಟ ಸ್ಥಾಪನೆಯಾಗಿ ನಿಂತ ಮೇಲೆ ಹಿಡಿಯುವ ಜಾಗ. ಪ್ರೀಲೋಡ್ ಮಾಡಿದವರಿಗೆ ಬಿಡುಗಡೆಯ ಗಂಟೆಯಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಬೀಗ ಹಾಕಿದ ಪ್ರತಿಯನ್ನು ಓದಿ ಬೀಗ ತೆಗೆದ ಪ್ರತಿಯನ್ನು ಬರೆಯುವಾಗ ಎರಡರ ಭಾಗಗಳೂ ಕೆಲವು ಹೊತ್ತು ಒಟ್ಟಿಗೆ ಡಿಸ್ಕಿನಲ್ಲಿ ಇರಬೇಕಾಗುತ್ತದೆ. ಎಷ್ಟು ಭಾಗ ಎಂಬುದು ಆಟದ ಕಡತಗಳ ರಚನೆಯನ್ನು ಅವಲಂಬಿಸಿದೆ. ಆದುದರಿಂದ ಹೆಚ್ಚು ಲೆಕ್ಕಾಚಾರಕ್ಕೆ ಹೋಗದೆ, ಪ್ರೀಲೋಡ್ ಮುಗಿದ ನಂತರವೂ ಆಟದ ಗಾತ್ರದಷ್ಟು ಜಾಗ ಖಾಲಿ ಉಳಿದಿರುವಂತೆ ನೋಡಿಕೊಳ್ಳುವುದು ಕ್ಷೇಮ. ಎಪ್ಪತ್ತು ಜಿಬಿಯ ಆಟಕ್ಕೆ ನೂರ ನಲವತ್ತು ಜಿಬಿ ಎಂದರೆ ಅತಿಯಾಯಿತೆಂದು ಅನ್ನಿಸಬಹುದು, ಆದರೆ 256 ಜಿಬಿಯ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪುಗಳಲ್ಲಿ ಬಿಡುಗಡೆಯ ಗಂಟೆಗೆ ಜಾಗ ಸಾಲುತ್ತಿಲ್ಲ ಎಂಬ ಸೂಚನೆ ಬಂದು ಹಳೆಯ ಆಟಗಳನ್ನು ಒಂದೊಂದಾಗಿ ಅಳಿಸುತ್ತ ಕೂರುವುದಕ್ಕಿಂತ ಇದು ವಾಸಿ. ಅಳಿಸುವುದಿದ್ದರೆ ಹಿಂದಿನ ದಿನವೇ ಅಳಿಸಿಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ ಎರಡೂ ಇದ್ದರೆ ಪ್ರೀಲೋಡ್ ಶುರುವಾಗುವ ಮೊದಲೇ ಎಸ್‌ಎಸ್‌ಡಿಯನ್ನು ಆರಿಸಬೇಕು. ಇದಕ್ಕೆ ಕಾರಣ ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

ಮೂರನೆಯ ಹಂತ: ಇಳಿಸಿಕೊಳ್ಳುವುದು

ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತಿಳಿಯಲು ಸುಲಭ ಲೆಕ್ಕವಿದೆ. ನಿಮ್ಮ ಸಂಪರ್ಕದ ವೇಗವನ್ನು ಎಂಬಿಪಿಎಸ್‌ನಲ್ಲಿ ಹೇಳಿರುತ್ತಾರೆ. ಅದನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಬರುತ್ತದೆ ಎಂಬುದು ಸಿಗುತ್ತದೆ. ಇಳಿಸಬೇಕಾದ ಗಾತ್ರ ಅರವತ್ತು ಜಿಬಿ, ಅಂದರೆ ಸುಮಾರು ಅರವತ್ತು ಸಾವಿರ ಎಂಬಿ ಎಂದಿಟ್ಟುಕೊಳ್ಳೋಣ. ನಲವತ್ತು ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಐದು ಎಂಬಿ ಬರುವುದರಿಂದ ಹನ್ನೆರಡು ಸಾವಿರ ಸೆಕೆಂಡು, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ನೂರು ಎಂಬಿಪಿಎಸ್ ಇದ್ದರೆ ಒಂದು ಗಂಟೆ ಇಪ್ಪತ್ತು ನಿಮಿಷ ಸಾಕು. ಮನೆಯಲ್ಲಿ ಬೇರೆಯವರೂ ವಿಡಿಯೊ ನೋಡುತ್ತಿದ್ದರೆ ಇದು ಹಿಗ್ಗುತ್ತದೆ. ಮೊಬೈಲಿನ ಹಾಟ್‌ಸ್ಪಾಟನ್ನೇ ನೆಚ್ಚಿಕೊಂಡು ದಿನಕ್ಕೆ ಎರಡು ಜಿಬಿಯ ಮಿತಿಯಲ್ಲಿ ಇರುವವರಿಗೆ ಈ ಪ್ರಮಾಣದ ಆಟಕ್ಕೆ ಮೂವತ್ತು ದಿನ ಬೇಕಾಗುವುದರಿಂದ, ಅಂಥವರು ಒಳ್ಳೆಯ ಸಂಪರ್ಕವಿರುವ ಕಡೆಗೆ ಕಂಪ್ಯೂಟರನ್ನೇ ಒಯ್ಯುವುದು ಹೆಚ್ಚು ವ್ಯಾವಹಾರಿಕ.

ಸೈಬರ್‌ಪಂಕ್ 2077ರ ಪ್ರೀಲೋಡ್ ಕಂಪ್ಯೂಟರಿನಲ್ಲಿ ಡಿಸೆಂಬರ್ 7ರಂದು ಶುರುವಾಯಿತು. ಅಂದರೆ ಎರಡು ದಿನಕ್ಕೂ ಹೆಚ್ಚಿನ ಬಿಡುವು ಇತ್ತು. ನಿಧಾನ ಸಂಪರ್ಕದವರಿಗೂ ಅದು ಸಾಕಾಗುತ್ತಿತ್ತು. ಬಿಡುಗಡೆಯಾದ ದಿನ ಸ್ಟೀಮಿನಲ್ಲಿ ಏಕಕಾಲಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ಆಟದಲ್ಲಿದ್ದರು. ಅಷ್ಟೂ ಜನ ಅರವತ್ತು ಜಿಬಿಯನ್ನು ಅದೇ ಬೆಳಗ್ಗೆ ಎಳೆಯಲು ಹೊರಟಿದ್ದರೆ ಏನಾಗುತ್ತಿತ್ತು ಎಂದು ಊಹಿಸಿದರೆ ಪ್ರೀಲೋಡ್ ಏಕೆ ಹುಟ್ಟಿತು ಎಂಬುದು ತಾನಾಗಿ ತಿಳಿಯುತ್ತದೆ. ವಿತರಕರ ದೃಷ್ಟಿಯಿಂದ ಇದು ಒಂದೇ ಗಂಟೆಯ ಭಾರವನ್ನು ಎರಡು ಮೂರು ದಿನಗಳ ಮೇಲೆ ಹರಡುವ ಉಪಾಯ. ಆಟಗಾರರಿಗೆ ಆಗುವ ಅನುಕೂಲ ಅದರ ಜೊತೆಗೆ ಬಂದದ್ದು ಎಂದರೂ ತಪ್ಪಿಲ್ಲ.

ಡೌನ್‌ಲೋಡ್ ವೇಗ ನಿಮ್ಮ ಸಂಪರ್ಕಕ್ಕಿಂತ ತೀರ ಕಡಿಮೆ ಇದ್ದರೆ ಸ್ಟೀಮಿನ Settings ಒಳಗಿರುವ Downloads ವಿಭಾಗದಲ್ಲಿ Download Region ಎಂಬ ಆಯ್ಕೆಯನ್ನು ನೋಡಬೇಕು. ಅಲ್ಲಿ ಭಾರತದ ನಗರಗಳೂ ಇವೆ. ಹತ್ತಿರದ್ದು ನಿಧಾನವೆನಿಸಿದರೆ ಇನ್ನೊಂದು ನಗರವನ್ನು ಆರಿಸಿ ನೋಡಬಹುದು.

ಪ್ರೀಲೋಡ್ ಮುಗಿದ ಮೇಲೂ ಬಿಡುಗಡೆಗೆ ಮುಂಚೆ ಒಂದೆರಡು ಸಲ ಸ್ಟೀಮನ್ನು ತೆರೆದು ಬಿಡುವುದು ಒಳ್ಳೆಯದು. ತಯಾರಕರು ಈ ಎರಡು ಮೂರು ದಿನಗಳಲ್ಲೇ ಹೊಸ ಆವೃತ್ತಿಯನ್ನು ಏರಿಸಿದರೆ ಅದರ ವ್ಯತ್ಯಾಸವೂ ಬೀಗ ಹಾಕಿದ ಸ್ಥಿತಿಯಲ್ಲಿ ಇಳಿದು ಸೇರಿಕೊಳ್ಳುತ್ತದೆ. 7ನೆಯ ತಾರೀಖು ಇಳಿಸಿ ಕಂಪ್ಯೂಟರನ್ನು ಆರಿಸಿಟ್ಟವರಿಗೆ 10ರ ಬೆಳಗ್ಗೆ ಕಾಣುವ ಪ್ಯಾಚಿನ ಒಂದು ಪಾಲು ಹೀಗೆ ಮೊದಲೇ ಬರಬಹುದಾಗಿದ್ದ ಬಾಕಿಯೇ ಆಗಿರುವುದುಂಟು.

ನಾಲ್ಕನೆಯ ಹಂತ: ಗಂಟೆ ಬಾರಿಸಿದಾಗ

ನಿಗದಿತ ಕ್ಷಣ ಬಂದ ಕೂಡಲೇ ಸ್ಟೀಮಿನ ಸರ್ವರ್ ಆಟವನ್ನು ಬಿಡುಗಡೆಯಾದದ್ದೆಂದು ಗುರುತಿಸಿ, ಕೊಂಡವರಿಗೆ ಕೀಲಿಯನ್ನು ಕೊಡಲು ಶುರುಮಾಡುತ್ತದೆ. ಕೀಲಿ ತೀರ ಸಣ್ಣದು, ಬರಲು ಹೊತ್ತು ಹಿಡಿಯುವುದಿಲ್ಲ. ಆದರೆ ಅದನ್ನು ಪಡೆಯಲು ಇಂಟರ್‌ನೆಟ್ ಬೇಕೇ ಬೇಕು. ಸ್ಟೀಮನ್ನು ಆಫ್‌ಲೈನ್ ಸ್ಥಿತಿಯಲ್ಲಿ ಇಟ್ಟುಕೊಂಡಿರುವವರಿಗೆ ಆಟ ತೆರೆಯುವುದಿಲ್ಲ. ಗಂಟೆ ಕಳೆದರೂ ಏನೂ ಬದಲಾಗದಿದ್ದರೆ ಸ್ಟೀಮನ್ನು ಪೂರ್ತಿಯಾಗಿ ಮುಚ್ಚಿ ಮತ್ತೆ ತೆರೆಯಬೇಕು. ಬಿಡುಗಡೆಯ ಸುದ್ದಿ ನಿಮ್ಮ ಕಂಪ್ಯೂಟರಿಗೆ ತಲುಪಿರುವುದಿಲ್ಲ ಅಷ್ಟೇ, ಹೆಚ್ಚಿನ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಸರ್ವರುಗಳ ಮೇಲಿನ ಒತ್ತಡದಿಂದ ತಡವಾಗುವುದೂ ಉಂಟು. 2004ರಲ್ಲಿ ಸ್ಟೀಮನ್ನು ನಡೆಸುವ ವಾಲ್ವ್ ಸಂಸ್ಥೆ ತನ್ನ ಹಾಫ್-ಲೈಫ್ 2 ಆಟದ ಪ್ರೀಲೋಡನ್ನು ಆಗಸ್ಟ್ ತಿಂಗಳಲ್ಲೇ ಶುರುಮಾಡಿತ್ತು. ಆದರೂ ನವೆಂಬರ್ 16ರಂದು ಆಟ ಹೊರಬಂದಾಗ ಸ್ಟೀಮಿನ ದೃಢೀಕರಣ ಸರ್ವರುಗಳು ಒತ್ತಡ ತಾಳದೆ ಅನೇಕರು ಕಾಯಬೇಕಾಯಿತು. ಕಡತಗಳನ್ನು ಮೊದಲೇ ಹಂಚಬಹುದು, ಆದರೆ ಅನುಮತಿಯನ್ನು ಮೊದಲೇ ಹಂಚುವಂತಿಲ್ಲ.

ಕೀಲಿ ಬಂದ ಮೇಲೆ ಡೌನ್‌ಲೋಡ್ ಪುಟದಲ್ಲಿ Unpacking ಎಂಬ ಸ್ಥಿತಿ ಕಾಣುತ್ತದೆ. ಈಗ ಕಂಪ್ಯೂಟರ್ ಬೀಗ ಹಾಕಿದ ತುಣುಕುಗಳನ್ನು ಒಂದೊಂದಾಗಿ ಓದಿ, ಬೀಗ ತೆಗೆದು, ಕುಗ್ಗಿಸಿದ್ದನ್ನು ಹಿಗ್ಗಿಸಿ, ಮತ್ತೆ ಅದೇ ಡಿಸ್ಕಿಗೆ ಬರೆಯುತ್ತದೆ. ಇಲ್ಲಿ ಇಂಟರ್‌ನೆಟ್ಟಿನ ಪಾತ್ರವಿಲ್ಲ. ಬಹಳ ಜನ ಗಾಬರಿಪಡುವುದು ಇಲ್ಲಿಯೇ: ಡೌನ್‌ಲೋಡ್ ವೇಗ ಸೊನ್ನೆ ಎಂದು ತೋರಿಸುತ್ತಿದೆ, ಶೇಕಡಾವಾರು ತೆವಳುತ್ತಿದೆ, ಆದುದರಿಂದ ಸಿಕ್ಕಿಕೊಂಡಿದೆ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅದೇ ಪುಟದಲ್ಲಿ ನೆಟ್‌ವರ್ಕ್ ಬಳಕೆಯ ಜೊತೆಗೆ ಡಿಸ್ಕ್ ಬಳಕೆಯೂ ಬೇರೆಯಾಗಿ ಕಾಣುತ್ತದೆ. ನೆಟ್‌ವರ್ಕ್ ಸೊನ್ನೆ ಇದ್ದು ಡಿಸ್ಕ್ ಬಳಕೆ ಏರಿಳಿಯುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಎರಡೂ ಬಹಳ ಹೊತ್ತು ಸೊನ್ನೆಯಲ್ಲೇ ಇದ್ದರೆ ಮಾತ್ರ ಸ್ಟೀಮನ್ನು ಮುಚ್ಚಿ ತೆರೆಯುವ ಅಥವಾ ಡಿಸ್ಕಿನಲ್ಲಿ ಜಾಗವಿದೆಯೇ ಎಂದು ನೋಡುವ ಪ್ರಶ್ನೆ ಬರುತ್ತದೆ. ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿದರಂತೂ ಇಳಿಸಿಟ್ಟ ಅರವತ್ತು ಜಿಬಿಯೂ ಹೋದಂತೆ.

ಈಗ ಡಿಸ್ಕಿನ ಮಾತಿಗೆ ಬರೋಣ. ತಿರುಗುವ ಹಾರ್ಡ್ ಡಿಸ್ಕ್ ಒಂದೇ ಸಮಯದಲ್ಲಿ ಒಂದು ಕಡೆ ಓದುತ್ತ ಇನ್ನೊಂದು ಕಡೆ ಬರೆಯಬೇಕಾದಾಗ ಅದರ ಸೂಜಿ ಹಿಂದಕ್ಕೂ ಮುಂದಕ್ಕೂ ಓಡಾಡಬೇಕಾಗಿ ವೇಗ ಕುಸಿಯುತ್ತದೆ. ಒಟ್ಟಾರೆ ಸೆಕೆಂಡಿಗೆ ಐವತ್ತು ಎಂಬಿ ಕೆಲಸ ಸಾಗುತ್ತದೆ ಎಂದು ಉದಾರವಾಗಿ ಹಿಡಿದರೂ ಅರವತ್ತು ಸಾವಿರ ಎಂಬಿಗೆ ಇಪ್ಪತ್ತು ನಿಮಿಷ ಬೇಕು. ಸೆಕೆಂಡಿಗೆ ಇಪ್ಪತ್ತಕ್ಕೆ ಇಳಿದರೆ ಐವತ್ತು ನಿಮಿಷ. ಎಸ್‌ಎಸ್‌ಡಿಯಲ್ಲಿ ಸೆಕೆಂಡಿಗೆ ಇನ್ನೂರು ಎಂಬಿ ಎಂದು ಹಿಡಿದರೆ ಐದೇ ನಿಮಿಷ. ಇದಕ್ಕೆ ಪ್ರೊಸೆಸರಿನ ವೇಗವೂ, ಬರೆಯುವ ಪ್ರತಿ ಕಡತವನ್ನೂ ತಪಾಸಣೆ ಮಾಡುವ ಆಂಟಿವೈರಸ್ ತಂತ್ರಾಂಶವೂ ಸೇರಿಕೊಳ್ಳುತ್ತವೆ.

ಈ ಲೆಕ್ಕದಿಂದ ಒಂದು ವಿಚಿತ್ರ ಫಲ ಹೊರಡುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ಫೈಬರ್ ಸಂಪರ್ಕವಿದ್ದು, ಆಟಗಳನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಡುವವರಿಗೆ ಪ್ರೀಲೋಡಿನಿಂದ ಲಾಭವಾಗದೆಯೂ ಇರಬಹುದು. ಪೂರ್ಣ ವೇಗ ಸಿಕ್ಕರೆ ಅವರ ಸಂಪರ್ಕ ಅರವತ್ತು ಜಿಬಿಯನ್ನು ಎಂಟು ನಿಮಿಷದಲ್ಲಿ ತರಬಲ್ಲದು. ಬಿಡುಗಡೆಯ ನಂತರ ನೇರವಾಗಿ ಇಳಿಸಿದರೆ ಡಿಸ್ಕಿಗೆ ಬರೆಯುವ ಕೆಲಸ ಒಂದೇ ಸಲ. ಪ್ರೀಲೋಡ್ ಮಾಡಿದರೆ ಓದುವುದೂ ಬರೆಯುವುದೂ ಒಟ್ಟಿಗೆ. ಹೀಗಾಗಿ ಪ್ರೀಲೋಡ್ ಮಾಡಿದ ಪಕ್ಕದ ಮನೆಯವರಿಗಿಂತ ಮಾಡದವರು ಮೊದಲು ಆಟ ತೆರೆಯುವ ಪ್ರಸಂಗಗಳು ನಿಜವಾಗಿಯೂ ಇವೆ. ನಮ್ಮ ಊರುಗಳಲ್ಲಿ ಸಾಮಾನ್ಯವಾದ ನಲವತ್ತು, ನೂರು ಎಂಬಿಪಿಎಸ್ ಸಂಪರ್ಕಗಳಲ್ಲಿ ಮಾತ್ರ ಪ್ರೀಲೋಡ್ ಮಾಡುವುದೇ ಮೇಲು.

ಪ್ಯಾಚ್ ಏಕೆ ಉಳಿಯುತ್ತದೆ

ಬೀಗ ತೆಗೆದಾಯಿತು. ಆದರೂ ಹೊಸ ಪ್ಯಾಚ್ ಇದೆ ಎಂದು ತೋರಿಸಿದರೆ, ಅದಕ್ಕೆ ಕಾರಣ ಆಟದ ತಯಾರಿಕೆಯ ಕ್ರಮದಲ್ಲಿದೆ.

ಕನ್ಸೋಲುಗಳಿಗೂ ಹೊರಬರುವ ಆಟವನ್ನು ಸೋನಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ತಪಾಸಣೆಗೆ ಕೊಡಬೇಕು. ಅದರಲ್ಲಿ ತೇರ್ಗಡೆಯಾದ ಆವೃತ್ತಿಯನ್ನು ಉದ್ಯಮದ ಮಾತಿನಲ್ಲಿ ಗೋಲ್ಡ್ ಆವೃತ್ತಿ ಎನ್ನುತ್ತಾರೆ. ಅದನ್ನು ಡಿಸ್ಕುಗಳಿಗೆ ಅಚ್ಚು ಹಾಕಿ, ಪೆಟ್ಟಿಗೆಗೆ ತುಂಬಿ, ಜಗತ್ತಿನ ಅಂಗಡಿಗಳಿಗೆ ಸಾಗಿಸಲು ವಾರಗಟ್ಟಲೆ ಬೇಕು. ಆದುದರಿಂದ ಡಿಸ್ಕಿನೊಳಗೆ ಹೋಗುವ ಆಟ ಬಿಡುಗಡೆಗೆ ಬಹಳ ಮುಂಚೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ತಯಾರಕರು ಮಾತ್ರ ನಿಲ್ಲುವುದಿಲ್ಲ. ಆ ಆವೃತ್ತಿ ಹೊರಗೆ ಹೋದ ಮಾರನೆಯ ದಿನದಿಂದಲೇ ಗೊತ್ತಿರುವ ದೋಷಗಳ ಪಟ್ಟಿ ಹಿಡಿದು ತಿದ್ದುತ್ತ ಕೂರುತ್ತಾರೆ, ಆ ತಿದ್ದುಪಡಿಗಳ ಮೊತ್ತವೇ ಬಿಡುಗಡೆಯ ದಿನದ ಪ್ಯಾಚ್.

ಸೈಬರ್‌ಪಂಕ್ 2077ರ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2020ರ ಅಕ್ಟೋಬರ್ 5ರಂದು ಆಟ ಗೋಲ್ಡ್ ಆಯಿತೆಂದು ಪ್ರಕಟಿಸಲಾಯಿತು. ಬಿಡುಗಡೆ ನವೆಂಬರ್ 19ಕ್ಕೆ ನಿಗದಿಯಾಗಿತ್ತು. ಗೋಲ್ಡ್ ಆದ ಮೇಲೆ ತಾರೀಖು ಕದಲುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದರೆ ಅಕ್ಟೋಬರ್ 27ರಂದು ಬಿಡುಗಡೆಯನ್ನು ಇಪ್ಪತ್ತೊಂದು ದಿನ ಮುಂದಕ್ಕೆ ಹಾಕಿ ಡಿಸೆಂಬರ್ 10ಕ್ಕೆ ಒಯ್ದರು. ಹಳೆಯ ಕನ್ಸೋಲು, ಹೊಸ ಕನ್ಸೋಲು, ಕಂಪ್ಯೂಟರು, ಆಗ ಗೂಗಲ್ ನಡೆಸುತ್ತಿದ್ದ ಆಟದ ಸ್ಟ್ರೀಮಿಂಗ್ ಸೇವೆ ಸ್ಟೇಡಿಯಾ ಎಲ್ಲ ಸೇರಿ ಒಂಬತ್ತು ಆವೃತ್ತಿಗಳನ್ನು ಏಕಕಾಲಕ್ಕೆ ಸಿದ್ಧಪಡಿಸಿ ಪರೀಕ್ಷಿಸಬೇಕಾಗಿದೆ ಎಂಬುದು ಅವರು ಕೊಟ್ಟ ಕಾರಣ. ಅದರ ಜೊತೆಗೆ ಬಂದ ವಿವರಣೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದದ್ದು. ಗೋಲ್ಡ್ ಆಗುವುದೆಂದರೆ ಆಟದಲ್ಲಿ ಎಲ್ಲ ಅಂಶಗಳೂ ಇವೆ, ಅದನ್ನು ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಬಹುದು ಎಂದರ್ಥವೇ ಹೊರತು ಅದರ ಮೇಲಿನ ಕೆಲಸ ನಿಂತಿತೆಂದಲ್ಲ. ಇನ್ನೂ ಗುಣಮಟ್ಟ ಸುಧಾರಿಸುವ ಕೆಲಸಗಳನ್ನು ಬಿಡುಗಡೆಗೆ ಮೊದಲೇ ಬರಬೇಕಾದ ಪ್ಯಾಚಿಗೆಂದು ಇಟ್ಟುಕೊಂಡಿದ್ದೆವು, ಅದಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದಾಜು ಮಾಡಿದೆವು ಎಂಬುದು ಅವರ ಮಾತಿನ ತಿರುಳು. ಆಟವನ್ನಲ್ಲ, ಆಟದ ಮೊದಲ ಪ್ಯಾಚನ್ನು ಕಾಯುವುದಕ್ಕಾಗಿ ಬಿಡುಗಡೆಯೇ ಮುಂದಕ್ಕೆ ಹೋಯಿತು ಎಂದರೆ, ಆ ಪ್ಯಾಚ್ ಐಚ್ಛಿಕವಾದದ್ದಲ್ಲವೆಂಬುದು ಸ್ಪಷ್ಟ.

ಡಿಸ್ಕಿನ ಅಚ್ಚಿಗಾಗಿ ವಾರಗಟ್ಟಲೆ ಕಾಯಬೇಕಾದ ನಿರ್ಬಂಧ ಕಂಪ್ಯೂಟರಿನ ಆವೃತ್ತಿಗೆ ಇಲ್ಲ. ಹಾಗಿದ್ದರೂ ಪ್ರೀಲೋಡಿಗೆ ಏರಿಸಿದ ಆವೃತ್ತಿ ಮೂರು ನಾಲ್ಕು ದಿನ ಹಳೆಯದಾಗಿಯೇ ಇರುತ್ತದೆ. ಆ ಅವಧಿಯಲ್ಲಿ ಆಟ ಹಾಳಾಗುವಂಥ ದೋಷ ಸಿಕ್ಕರೆ ತಯಾರಕರ ಮುಂದೆ ಎರಡು ದಾರಿ: ಬೀಗ ಹಾಕಿದ ಪ್ರೀಲೋಡನ್ನೇ ಹೊಸದಾಗಿ ಬದಲಿಸುವುದು, ಇಲ್ಲವೇ ಬಿಡುಗಡೆಯ ಗಂಟೆಗೆ ಪ್ಯಾಚ್ ಬಿಡುವುದು. ಕೊನೆಯ ಗಳಿಗೆಯಲ್ಲಿ ಮಾಡಿದ ತಿದ್ದುಪಡಿಗೂ ಪರೀಕ್ಷೆ ಬೇಕು. ಕನ್ಸೋಲಿನಲ್ಲಾದರೆ ಪ್ಯಾಚಿಗೂ ಪ್ರತ್ಯೇಕ ತಪಾಸಣೆ ಇರುವುದರಿಂದ ಬಿಡುಗಡೆಯ ದಿನದ ಪ್ಯಾಚ್ ಕೂಡ ಕೆಲವು ದಿನ ಮೊದಲೇ ಹೆಪ್ಪುಗಟ್ಟಿದ್ದೇ ಆಗಿರುತ್ತದೆ. ಬಿಡುಗಡೆಯಾದ ಮರುದಿನವೇ ಇನ್ನೊಂದು ಪ್ಯಾಚ್ ಬಂದರೆ ಅದರಲ್ಲಿ ಅಚ್ಚರಿಪಡುವುದು ಏನೂ ಇಲ್ಲ, ಸೈಬರ್‌ಪಂಕಿಗೆ 1.04 ಎಂಬ ತುರ್ತು ತಿದ್ದುಪಡಿ ಡಿಸೆಂಬರ್ 11ರಂದೇ ಬಂತು.

ಪ್ಯಾಚಿನ ಹೆಸರಿನಲ್ಲಿ ಅಪೂರ್ಣ ಆಟವನ್ನು ಮಾರಿದ ನಿದರ್ಶನಗಳೂ ಇವೆಯೆಂಬುದನ್ನು ಮರೆಯಬಾರದು. 2015ರ ಟೋನಿ ಹಾಕ್ಸ್ ಪ್ರೊ ಸ್ಕೇಟರ್ 5 ಆಟದಲ್ಲಿ ಮೊದಲ ದಿನದ ಪ್ಯಾಚ್ ಡಿಸ್ಕಿನಲ್ಲಿದ್ದ ಆಟಕ್ಕಿಂತ ದೊಡ್ಡದಾಗಿತ್ತು. ಡಿಸ್ಕನ್ನು ಕೊಂಡು ತಂದವರಿಗೆ ಇಂಟರ್‌ನೆಟ್ ಇಲ್ಲದಿದ್ದರೆ ಆಟದ ಬಹುಪಾಲು ಸಿಗುತ್ತಲೇ ಇರಲಿಲ್ಲ. ಇದನ್ನು ತಿದ್ದುಪಡಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಐದನೆಯ ಹಂತ: ಪ್ಯಾಚಿನ ಗಾತ್ರವನ್ನು ಓದುವುದು

ಪ್ಯಾಚ್ ಇಳಿಯುವಾಗ ಸ್ಟೀಮ್ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಹೋಲಿಸಿ, ಬದಲಾದ ತುಣುಕುಗಳನ್ನು ಮಾತ್ರ ತರಿಸಿಕೊಳ್ಳುತ್ತದೆ. ಹೀಗಾಗಿ ಇಂಟರ್‌ನೆಟ್ಟಿನ ಲೆಕ್ಕದಲ್ಲಿ ಪ್ಯಾಚ್ ಸಣ್ಣದಿರಬಹುದು. ಆದರೆ ಡಿಸ್ಕಿನ ಲೆಕ್ಕ ಬೇರೆ. ಇಂದಿನ ಆಟಗಳು ಸಾವಿರಾರು ಚಿತ್ರ, ಧ್ವನಿ, ಮಾದರಿಗಳನ್ನು ಕೆಲವೇ ದೊಡ್ಡ ಕಡತಗಳಲ್ಲಿ ಒಟ್ಟುಗೂಡಿಸಿ ಇಡುತ್ತವೆ. ಅಂಥ ಎಂಟು ಜಿಬಿಯ ಒಂದು ಕಡತದಲ್ಲಿ ಇಪ್ಪತ್ತು ತುಣುಕುಗಳು ಬದಲಾಗಿವೆ ಎಂದುಕೊಳ್ಳಿ. ಇಳಿಯುವುದು ಹೆಚ್ಚೆಂದರೆ ಇಪ್ಪತ್ತು ಎಂಬಿ. ಆದರೆ ಸ್ಟೀಮ್ ಹಳೆಯ ಕಡತವನ್ನು ನೇರವಾಗಿ ತಿದ್ದುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಕಡತವನ್ನು ಕಟ್ಟುತ್ತದೆ, ಬದಲಾಗದ ಭಾಗವನ್ನು ಹಳೆಯದರಿಂದ ನಕಲು ಮಾಡುತ್ತದೆ, ಎಲ್ಲವೂ ಸಿದ್ಧವಾದ ಮೇಲೆ ಅದಲು ಬದಲು ಮಾಡುತ್ತದೆ. ನಡುವೆ ಕರೆಂಟು ಹೋದರೂ ಹಳೆಯ ಕಡತ ಕೆಡದಿರಲೆಂದು ಈ ಎಚ್ಚರಿಕೆ. ಇದರ ಬೆಲೆಯಾಗಿ ಇಪ್ಪತ್ತು ಎಂಬಿಯ ಪ್ಯಾಚಿಗೆ ಎಂಟು ಜಿಬಿ ಬರೆಯಬೇಕಾಗುತ್ತದೆ, ಅಷ್ಟು ಜಾಗವೂ ತಾತ್ಕಾಲಿಕವಾಗಿ ಬೇಕಾಗುತ್ತದೆ. ಸೆಕೆಂಡಿಗೆ ಐವತ್ತು ಎಂಬಿಯ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಎರಡೂಮುಕ್ಕಾಲು ನಿಮಿಷದಷ್ಟು ಬೇಕು. ಇಂಥ ಏಳೆಂಟು ಕಡತಗಳು ಬದಲಾದರೆ ಇಪ್ಪತ್ತು ನಿಮಿಷ. ಡೌನ್‌ಲೋಡ್ ಕ್ಷಣದಲ್ಲಿ ಮುಗಿದು Patching ಎಂಬ ಸ್ಥಿತಿಯಲ್ಲಿ ಬಹಳ ಹೊತ್ತು ನಿಂತರೆ ಇದೇ ನಡೆಯುತ್ತಿದೆ ಎಂದು ತಿಳಿಯಬೇಕು. ಇಲ್ಲಿಯೂ ಡಿಸ್ಕ್ ಬಳಕೆಯ ರೇಖೆಯೇ ಸಾಕ್ಷಿ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ತಯಾರಕರು ದೊಡ್ಡ ಕಡತದೊಳಗೆ ವಸ್ತುಗಳ ಕ್ರಮವನ್ನೇ ಬದಲಿಸಿದರೆ ಅಥವಾ ಇಡೀ ಕಡತವನ್ನು ಹೊಸದಾಗಿ ಕುಗ್ಗಿಸಿದರೆ, ನಿಜವಾದ ತಿದ್ದುಪಡಿ ಅಲ್ಪವಾಗಿದ್ದರೂ ಬಹುತೇಕ ಎಲ್ಲ ತುಣುಕುಗಳೂ ಹೊಸದಾಗಿ ಕಾಣುತ್ತವೆ. ಆಗ ಹತ್ತಾರು ಜಿಬಿಯ ಪ್ಯಾಚ್ ಬರುತ್ತದೆ. ಆದುದರಿಂದ ಪ್ಯಾಚಿನ ಗಾತ್ರವನ್ನು ನೋಡಿ ಆಟದಲ್ಲಿ ಎಷ್ಟು ದೋಷಗಳಿದ್ದವು ಎಂದು ಅಳೆಯಲಾಗದು.

ಕೊನೆಯ ಆವೃತ್ತಿಯೇ ನಿಮ್ಮಲ್ಲಿದೆಯೇ ಎಂದು ತಿಳಿಯಬೇಕಾದರೆ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ಬಲಕ್ಲಿಕ್ ಮಾಡಿ Properties ತೆರೆದು, Updates ವಿಭಾಗದಲ್ಲಿರುವ Build ID ಸಂಖ್ಯೆಯನ್ನು ನೋಡಬಹುದು. ಪ್ಯಾಚ್ ಬಂದ ಮೇಲೆ ಅದು ಬದಲಾಗಿರುತ್ತದೆ. ಆಟ ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದರೆ ಅದೇ Properties ಒಳಗೆ Installed Files ವಿಭಾಗದಲ್ಲಿ ಕಡತಗಳನ್ನು ಪರಿಶೀಲಿಸುವ ಗುಂಡಿಯಿದೆ. ಅದು ಕೆಟ್ಟ ತುಣುಕುಗಳನ್ನು ಪತ್ತೆ ಹಚ್ಚಿ ಅವನ್ನಷ್ಟೇ ಮತ್ತೆ ತರುತ್ತದೆ. ಪೂರ್ತಿ ಅಳಿಸಿ ಇಳಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಸ್ಟೀಮಿನ ಮೂಲಕ ಬರುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ದೊಡ್ಡ ಆಟಗಳ ಬಿಡುಗಡೆಯ ಹೊತ್ತಿಗೆ ಎನ್‌ವಿಡಿಯಾ, ಎಎಂಡಿ ಸಂಸ್ಥೆಗಳು ಅದಕ್ಕೆಂದೇ ಹೊಸ ಡ್ರೈವರ್ ಬಿಡುವುದುಂಟು, ಅದನ್ನು ಹಿಂದಿನ ರಾತ್ರಿಯೇ ಹಾಕಿಕೊಂಡರೆ ಬೆಳಗಿನ ಒಂದು ಕೆಲಸ ಕಡಿಮೆಯಾಗುತ್ತದೆ.

ಮೊದಲ ವಾರದಲ್ಲಿ ಉಳಿತಾಯ ಕಡತಗಳ ಕಾಳಜಿ

ಬಿಡುಗಡೆಯ ದಿನದ ಪ್ಯಾಚ್ ಹಾಕಿಕೊಂಡ ಮಾತ್ರಕ್ಕೆ ಎಲ್ಲ ದೋಷಗಳೂ ಹೋದವೆಂದು ತಿಳಿಯಬಾರದು. ಕೆಲವು ದೋಷಗಳು ಬಹಳ ಗಂಟೆ ಆಡಿದ ಮೇಲೆಯೇ ತಲೆಯೆತ್ತುತ್ತವೆ. ಸೈಬರ್‌ಪಂಕ್ 2077ರ ಕಂಪ್ಯೂಟರ್ ಆವೃತ್ತಿಯಲ್ಲಿ ಆಟದ ಪ್ರಗತಿಯನ್ನು ಉಳಿಸುವ ಕಡತ ಎಂಟು ಎಂಬಿ ದಾಟಿದರೆ ಕೆಟ್ಟುಹೋಗುತ್ತಿತ್ತು. ಪಾತ್ರದ ಬಳಿ ವಸ್ತುಗಳು ಕೂಡುತ್ತ ಹೋದಂತೆ ಆ ಕಡತ ಬೆಳೆಯುತ್ತಿದ್ದುದರಿಂದ, ಹೆಚ್ಚು ಆಡಿದವರಿಗೇ ಈ ಪೆಟ್ಟು ಬಿತ್ತು. ಡಿಸೆಂಬರ್ 23ರಂದು ಬಂದ 1.06 ಪ್ಯಾಚ್ ಈ ಮಿತಿಯನ್ನು ತೆಗೆದುಹಾಕಿತು, ಆದರೆ ಅದಕ್ಕೂ ಮೊದಲೇ ಕೆಟ್ಟಿದ್ದ ಕಡತಗಳನ್ನು ಅದು ಸರಿಪಡಿಸಲಿಲ್ಲ. ಆದುದರಿಂದ ಮೊದಲ ಕೆಲವು ವಾರ ಒಂದೇ ಉಳಿತಾಯದ ಮೇಲೆ ಮತ್ತೆ ಮತ್ತೆ ಬರೆಯದೆ, ಬೇರೆ ಬೇರೆ ಸ್ಥಾನಗಳಲ್ಲಿ ಉಳಿಸುತ್ತ, ಪ್ರತಿ ಪ್ಯಾಚಿಗೂ ಮುನ್ನ ಉಳಿತಾಯದ ಫೋಲ್ಡರಿನ ಒಂದು ನಕಲನ್ನು ಇನ್ನೊಂದು ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಸ್ಟೀಮಿನ ಕ್ಲೌಡ್ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ, ಏಕೆಂದರೆ ಕೆಟ್ಟ ಕಡತವೂ ಒಳ್ಳೆಯ ಕಡತದಷ್ಟೇ ನಿಷ್ಠೆಯಿಂದ ಕ್ಲೌಡಿಗೆ ಏರುತ್ತದೆ.